ಇದು ಮೊದಲ ಮುದ್ರಣವೇ? ಫೋಟೊ ನೋಡಿ ಹೇಳುವುದು ಹೇಗೆ

1925ರ ಏಪ್ರಿಲ್ 10ರಂದು ನ್ಯೂಯಾರ್ಕಿನ ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್ ಪ್ರಕಾಶನ ಎರಡು ಡಾಲರ್ ಬೆಲೆಯ ಒಂದು ಕಾದಂಬರಿಯನ್ನು ಹೊರತಂದಿತು. ಹಸಿರು ಬಟ್ಟೆಯ ರಟ್ಟು, ಮೇಲೊಂದು ನೀಲಿ ಕಾಗದದ ಜಾಕೆಟ್. ಅದು ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಮೊದಲ ಸಲ ಅಚ್ಚಾದದ್ದು 20,870 ಪ್ರತಿಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೂ 3,000 ಪ್ರತಿ ಅಚ್ಚಾದವು. ಆ ಎರಡನೇ ಕಂತಿನಲ್ಲಿ ಒಂದಷ್ಟು ಪ್ರತಿಗಳು 1940ರಲ್ಲಿ ಲೇಖಕ ತೀರಿಕೊಂಡಾಗಲೂ ಗೋದಾಮಿನಲ್ಲಿ ಮಾರಾಟವಾಗದೆ ಉಳಿದಿದ್ದವು.

ಇಂದು ಆ ಮೊದಲ ಕಂತಿನ ಪ್ರತಿ, ಮೂಲ ಜಾಕೆಟ್ ಸಮೇತ ಹರಾಜಿಗೆ ಬಂದರೆ ಬೆಲೆ ಲಕ್ಷ ಡಾಲರ್ ದಾಟುತ್ತದೆ. ಅದೇ ಪುಸ್ತಕ ಜಾಕೆಟ್ ಇಲ್ಲದೆ ಬಂದರೆ ಅದರ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಆಗಸ್ಟ್‌ನ ಪ್ರತಿಯಾದರೆ ಇನ್ನೂ ಕಡಿಮೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಸಾಮಾನ್ಯ ಓದುಗನ ಕಣ್ಣಿಗೆ ಪಠ್ಯದಲ್ಲಾಗಲಿ ರಟ್ಟಿನಲ್ಲಾಗಲಿ ವ್ಯತ್ಯಾಸ ಕಾಣುವುದಿಲ್ಲ. ಈಗಂತೂ ಹಳೆಯ ಪುಸ್ತಕಗಳ ವ್ಯಾಪಾರ ಬಹುಪಾಲು ಫೋಟೊ ನೋಡಿಯೇ ನಡೆಯುತ್ತದೆ. ಪುಸ್ತಕ ಇರುವುದು ಎಲ್ಲೋ, ಕೊಳ್ಳುವವನು ಇರುವುದು ಇನ್ನೆಲ್ಲೋ. ನಡುವೆ ಇರುವುದು ಹತ್ತು ಹನ್ನೆರಡು ಚಿತ್ರಗಳು ಮಾತ್ರ. ಆ ಚಿತ್ರಗಳಿಂದ ಏನನ್ನು ಖಚಿತವಾಗಿ ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ತಿಳಿಯಲು ಗ್ಯಾಟ್ಸ್‌ಬಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಗಟ್ಟಿಯಾದ ಗುರುತುಗಳೂ ಮೋಸಹೋಗುವ ಜಾಗಗಳೂ ಈ ಒಂದೇ ಪುಸ್ತಕದಲ್ಲಿ ಇವೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಲಿ. ಮೊಳೆ ಜೋಡಿಸಿ ಸಿದ್ಧಪಡಿಸಿದ ಒಂದೇ ಪಠ್ಯದಿಂದ ಎಷ್ಟು ಸಲ ಅಚ್ಚು ಹಾಕಿದರೂ ಅದು ಒಂದೇ ಆವೃತ್ತಿ. ಆ ಆವೃತ್ತಿಯಲ್ಲಿ ಒಂದೊಂದು ಸಲ ಯಂತ್ರಕ್ಕೆ ಏರಿಸಿ ಇಳಿಸಿದ್ದು ಒಂದೊಂದು ಮುದ್ರಣ. ಸಂಗ್ರಾಹಕರು ‘ಫಸ್ಟ್ ಎಡಿಷನ್’ ಎಂದು ಬಾಯಲ್ಲಿ ಹೇಳಿದರೂ ಅವರಿಗೆ ಬೇಕಿರುವುದು ಮೊದಲ ಆವೃತ್ತಿಯ ಮೊದಲ ಮುದ್ರಣ. 1925ರ ಆಗಸ್ಟ್‌ನ ಪ್ರತಿಯನ್ನು ‘ಮೊದಲ ಆವೃತ್ತಿ’ ಎಂದು ಮಾರಿದರೆ ಅದು ಸುಳ್ಳಲ್ಲ, ಆದರೆ ಕೊಳ್ಳುವವನು ಅಂದುಕೊಂಡ ವಸ್ತುವೂ ಅದಲ್ಲ.

ಕಾಪಿರೈಟ್ ಪುಟ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಶೀರ್ಷಿಕೆ ಪುಟವನ್ನು ಮಗುಚಿದರೆ ಸಿಗುವುದು ಕಾಪಿರೈಟ್ ಪುಟ. ಎಲ್ಲರೂ ಮೊದಲು ನೋಡುವುದು ಇದನ್ನೇ. ಇಲ್ಲಿ ಇಸವಿ ಕಂಡ ಕೂಡಲೇ ನಂಬಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಕಾಪಿರೈಟ್ ಇಸವಿ ಎಂದರೆ ಹಕ್ಕು ನೋಂದಾಯಿಸಿದ ವರ್ಷ, ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷವಲ್ಲ. ಮೂವತ್ತು ವರ್ಷದ ನಂತರ ಅಚ್ಚಾದ ಪ್ರತಿಯಲ್ಲೂ ಅದೇ ಇಸವಿ ಇರುತ್ತದೆ. ಆದ್ದರಿಂದ ಅಮೆರಿಕದ ಹಳೆಯ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಕೆಳಗಿನ ಇಸವಿಯನ್ನೂ ಅದರ ಹಿಂಬದಿಯ ಇಸವಿಯನ್ನೂ ಜೊತೆಗಿಟ್ಟು ನೋಡುತ್ತಾರೆ. ಶೀರ್ಷಿಕೆ ಪುಟದಲ್ಲಿ ಇಸವಿಯೇ ಇಲ್ಲದಿದ್ದರೆ, ಅಥವಾ ಎರಡೂ ಹೊಂದದಿದ್ದರೆ, ಅದು ನಂತರದ ಮುದ್ರಣ ಇರಬಹುದೆಂಬ ಶಂಕೆ ಏಳಬೇಕು.

ಗ್ಯಾಟ್ಸ್‌ಬಿಯ ಶೀರ್ಷಿಕೆ ಪುಟದಲ್ಲಿ 1925 ಇದೆ. ಹಿಂಬದಿಯಲ್ಲೂ 1925ರ ಕಾಪಿರೈಟ್ ಸಾಲು, ಅಮೆರಿಕದಲ್ಲಿ ಮುದ್ರಿತ ಎಂಬ ಸಾಲು, ಕೆಳಗೆ ಸ್ಕ್ರಿಬ್ನರ್‌ನ ಪುಟ್ಟ ಮುದ್ರೆ. ‘ಮೊದಲ’ ಎಂಬ ಮಾತೇ ಅಲ್ಲಿಲ್ಲ. ಸ್ಕ್ರಿಬ್ನರ್‌ನವರು ಮೊದಲ ಮುದ್ರಣವನ್ನು ಗುರುತಿಸಲು ಇಂಗ್ಲಿಷಿನ ‘ಎ’ ಅಕ್ಷರವನ್ನು ಈ ಪುಟದಲ್ಲಿ ಹಾಕಲು ತೊಡಗಿದ್ದು 1930ರ ಹೊತ್ತಿಗೆ. ಹೀಗಾಗಿ 1952ರ ಹೆಮಿಂಗ್‌ವೇ ಕಾದಂಬರಿ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ಯಲ್ಲಿ ‘ಎ’ ಹುಡುಕಬೇಕು, 1925ರ ಗ್ಯಾಟ್ಸ್‌ಬಿಯಲ್ಲಿ ಹುಡುಕಬಾರದು. ಒಂದೇ ಪ್ರಕಾಶನ, ಆದರೆ ದಶಕ ಬದಲಾದರೆ ರೂಢಿಯೂ ಬದಲು. ಪ್ರಕಾಶಕರ ಹೆಸರು ಮತ್ತು ಕಾಲ ಎರಡನ್ನೂ ಗೊತ್ತುಮಾಡಿಕೊಳ್ಳದೆ ಈ ಪುಟವನ್ನು ಓದಲಾಗುವುದಿಲ್ಲ.

ಇತ್ತೀಚಿನ ಪುಸ್ತಕಗಳಲ್ಲಿ ಒಂದರಿಂದ ಹತ್ತರವರೆಗಿನ ಅಂಕಿಗಳ ಸಾಲು ಇರುತ್ತದೆ. ಸಾಲಿನಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. ಎರಡನೇ ಮುದ್ರಣಕ್ಕೆ ಒಂದನ್ನು ಅಳಿಸುತ್ತಾರೆ, ಮೂರನೆಯದಕ್ಕೆ ಎರಡನ್ನು. ಹೊಸ ಅಂಕಿ ಸೇರಿಸುವುದಕ್ಕಿಂತ ಇದ್ದುದನ್ನು ಕೆರೆದು ತೆಗೆಯುವುದು ಮುದ್ರಕನಿಗೆ ಸುಲಭವಾಗಿತ್ತು, ಅದಕ್ಕೇ ಈ ಪದ್ಧತಿ. ಇಲ್ಲೂ ಅಪವಾದವಿದೆ. ಅಮೆರಿಕದ ರ‍್ಯಾಂಡಮ್ ಹೌಸ್ ಬಹಳ ವರ್ಷ ಮೊದಲ ಮುದ್ರಣದಲ್ಲಿ ಅಂಕಿಗಳನ್ನು 2ರಿಂದ ಆರಂಭಿಸಿ, ಜೊತೆಗೆ ‘ಫಸ್ಟ್ ಎಡಿಷನ್’ ಎಂದು ಹಾಕುತ್ತಿತ್ತು. ಎರಡನೇ ಮುದ್ರಣಕ್ಕೆ ಆ ಪದಗಳನ್ನು ತೆಗೆದುಬಿಡುತ್ತಿತ್ತು. ಗೊತ್ತಿಲ್ಲದವರು ಅದರ ನಿಜವಾದ ಮೊದಲ ಮುದ್ರಣವನ್ನು ಎರಡನೆಯದೆಂದು ಬದಿಗಿಟ್ಟಿರುವುದುಂಟು.

ಪಠ್ಯದೊಳಗಿನ ಆರು ಜಾಗಗಳು

ಕಾಪಿರೈಟ್ ಪುಟ ಕೈಕೊಟ್ಟಾಗ ಗ್ಯಾಟ್ಸ್‌ಬಿಯನ್ನು ಗುರುತಿಸುವುದು ಒಳಗಿನ ತಪ್ಪುಗಳಿಂದ. ಅವು ಹೇಗೆ ಹುಟ್ಟಿದವು ಎಂದು ತಿಳಿದರೆ ಅವುಗಳ ತೂಕ ಅರ್ಥವಾಗುತ್ತದೆ. ಪುಸ್ತಕ ತಯಾರಾಗುತ್ತಿದ್ದಾಗ ಫಿಟ್ಸ್‌ಜೆರಾಲ್ಡ್ ಯುರೋಪಿನಲ್ಲಿದ್ದ. ಕರಡಚ್ಚುಗಳು ಅವನ ಹತ್ತಿರ ಹೋಗಿದ್ದು ರೋಮ್‌ಗೆ. ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಇದ್ದದ್ದು ನ್ಯೂಯಾರ್ಕಿನಲ್ಲಿ. ಲೇಖಕ ಕರಡಿನಲ್ಲೇ ಅಧ್ಯಾಯಗಳನ್ನು ಹಿಂದೆಮುಂದೆ ಮಾಡಿ, ಪುಟಗಟ್ಟಲೆ ಹೊಸದಾಗಿ ಬರೆದು ಕಳಿಸುತ್ತಿದ್ದ. ಹಡಗಿನಲ್ಲಿ ಹೋಗಿ ಬರುವ ಕಾಗದಗಳ ನಡುವೆ ಕೆಲವು ತಪ್ಪುಗಳು ಹಾಗೆಯೇ ಉಳಿದವು.

ಆಗಿನ ಮುದ್ರಣದಲ್ಲಿ ಮೊಳೆಗಳಿಂದ ಲೋಹದ ಪ್ಲೇಟುಗಳನ್ನು ಎರಕ ಹೊಯ್ದು, ಆ ಪ್ಲೇಟುಗಳಿಂದ ಅಚ್ಚು ಹಾಕುತ್ತಿದ್ದರು. ಆಗಸ್ಟ್‌ನಲ್ಲಿ ಮತ್ತೆ ಅಚ್ಚು ಹಾಕುವಾಗ ಅದೇ ಪ್ಲೇಟುಗಳನ್ನು ಬಳಸಿ, ತಿದ್ದಬೇಕಾದ ಪದಗಳಿದ್ದ ಕಡೆ ಮಾತ್ರ ಲೋಹವನ್ನು ಕತ್ತರಿಸಿ ಹೊಸ ಮೊಳೆ ಕೂರಿಸಿದರು. ಹೀಗಾಗಿ ಎರಡು ಮುದ್ರಣಗಳ ನಡುವೆ ಉಳಿದ ಸಾಲುಗಳೆಲ್ಲ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ. ಬೇರೆಯಾಗಿರುವುದು ಆರು ಜಾಗಗಳಲ್ಲಿ ಮಾತ್ರ.

ಅವುಗಳಲ್ಲಿ ಸುಲಭವಾಗಿ ಫೋಟೊ ತೆಗೆಯಬಹುದಾದ ನಾಲ್ಕನ್ನು ನೋಡೋಣ. ಪುಟ 60ರ 16ನೇ ಸಾಲಿನಲ್ಲಿ ಮೊದಲ ಮುದ್ರಣದಲ್ಲಿ ‘ಚಾಟರ್’ ಎಂಬ ಪದವಿದೆ. ಎರಡನೆಯದರಲ್ಲಿ ಅದು ‘ಎಕೊಲೇಲಿಯಾ’ ಆಗಿದೆ. ಪುಟ 119ರ 22ನೇ ಸಾಲಿನಲ್ಲಿ ‘ನಾರ್ದರ್ನ್’ ಇದ್ದದ್ದು ಆಮೇಲೆ ‘ಸದರ್ನ್’ ಆಯಿತು. ಪುಟ 205ರ 9 ಮತ್ತು 10ನೇ ಸಾಲುಗಳಲ್ಲಿ ‘ಸಿಕ್ ಇನ್ ಟೈರ್ಡ್’ ಎಂದು ಮೂರು ಬಿಡಿ ಪದಗಳಿದ್ದವು. ಮಾತನಾಡುವ ಪಾತ್ರದ ಉಚ್ಚಾರಣೆ ಹಿಡಿಯಲು ಲೇಖಕ ಅದನ್ನು ‘ಸಿಕ್ಯಾನ್‌ಟೈರ್ಡ್’ ಎಂದು ಒಂದೇ ಪದವಾಗಿ ಬೆಸೆದ. ಪುಟ 211ರ 7 ಮತ್ತು 8ನೇ ಸಾಲುಗಳಲ್ಲಿ ‘ಯೂನಿಯನ್ ಸ್ಟ್ರೀಟ್ ಸ್ಟೇಷನ್’ ಇದ್ದದ್ದು ‘ಯೂನಿಯನ್ ಸ್ಟೇಷನ್’ ಆಯಿತು. ಅದು ಷಿಕಾಗೋದ ರೈಲು ನಿಲ್ದಾಣದ ಹೆಸರು, ನಡುವಿನ ‘ಸ್ಟ್ರೀಟ್’ ಕೈತಪ್ಪಿ ನುಸುಳಿದ್ದು.

ಮಾರುವವರು ಇವುಗಳಲ್ಲಿ ಪುಟ 205ರ ಒಂದು ಫೋಟೊ ಹಾಕಿ ಸುಮ್ಮನಾಗುವುದುಂಟು. ಒಂದು ಸಾಲು ಹೊಂದಿದರೆ ಉಳಿದವೂ ಹೊಂದಬೇಕು ಎಂಬುದು ನಿಜ. ಆದರೆ ಹಳೆಯ ಪುಸ್ತಕದಲ್ಲಿ ಹಾಳೆ ಬದಲಾಗಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಹರಿದ ಪ್ರತಿಗೆ ಇನ್ನೊಂದು ಪ್ರತಿಯ ಹಾಳೆ ತಂದು ಅಂಟಿಸಿರಬಹುದು. ಆದ್ದರಿಂದ ಪುಸ್ತಕದ ಆರಂಭ, ನಡು, ಕೊನೆ ಹೀಗೆ ದೂರ ದೂರದ ಕನಿಷ್ಠ ಮೂರು ಪುಟಗಳ ಚಿತ್ರ ಕೇಳಬೇಕು. ಪುಟಸಂಖ್ಯೆಯೂ ಚಿತ್ರದೊಳಗೆ ಬಂದಿರಬೇಕು. ಪದವನ್ನಷ್ಟೇ ಹತ್ತಿರದಿಂದ ತೆಗೆದ ಚಿತ್ರ ಯಾವ ಪ್ರತಿಯದೂ ಆಗಿರಬಹುದು.

ಬಟ್ಟೆ, ರಟ್ಟು, ಬೆನ್ನು

ಗ್ಯಾಟ್ಸ್‌ಬಿಯ ರಟ್ಟಿಗೆ ಸುತ್ತಿದ್ದು ಲಿನನ್ ನೇಯ್ಗೆ ಕಾಣುವ ಕಡುಹಸಿರು ಬಟ್ಟೆ. ಮುಂದಿನ ರಟ್ಟಿನ ಮೇಲೆ ಪುಸ್ತಕದ ಹೆಸರು, ಲೇಖಕನ ಹೆಸರು ಇವೆ, ಆದರೆ ಬಣ್ಣವಿಲ್ಲ. ಶಾಯಿ ಹಚ್ಚದ ಅಚ್ಚನ್ನು ಬಟ್ಟೆಯ ಮೇಲೆ ಒತ್ತಿ ಅಕ್ಷರಗಳನ್ನು ತಗ್ಗಿಸಿದ್ದಾರೆ. ಬೆನ್ನಿನ ಮೇಲೆ ಮಾತ್ರ ಚಿನ್ನದ ಬಣ್ಣದ ಅಕ್ಷರ. ಆಗಸ್ಟ್‌ನ ಮುದ್ರಣಕ್ಕೂ ಇದೇ ಬಗೆಯ ಬೈಂಡ್ ಇರುವುದರಿಂದ ಬಟ್ಟೆ ನೋಡಿ ಮುದ್ರಣ ಹೇಳಲಾಗುವುದಿಲ್ಲ. ಹಾಗಾದರೆ ಬೈಂಡಿನ ಫೋಟೊ ಯಾಕೆ ಬೇಕು? ಒಳಗಿನ ಪುಟಗಳೂ ಹೊರಗಿನ ರಟ್ಟೂ ಹುಟ್ಟಿನಿಂದ ಒಟ್ಟಿಗೇ ಇವೆಯೇ ಎಂದು ತಿಳಿಯಲು.

ಶಾಯಿಯಿಲ್ಲದ ಒತ್ತು ಅಕ್ಷರ ಎದುರಿನಿಂದ ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಮಾಯವಾಗುತ್ತದೆ. ರಟ್ಟು ಖಾಲಿ ಇದ್ದಂತೆ ಕಾಣುತ್ತದೆ. ಕಿಟಕಿಯ ಪಕ್ಕ ಪುಸ್ತಕ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ತೆಗೆದರೆ ಅಕ್ಷರಗಳ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ಮಾರುವವರಿಗೆ ಈ ಒಂದು ಚಿತ್ರವನ್ನು ಹೀಗೆಯೇ ತೆಗೆಯಿರಿ ಎಂದು ಕೇಳುವುದು ತಪ್ಪಲ್ಲ. ಬೆನ್ನಿನ ಚಿನ್ನ ಮಾಸಿದ್ದು, ಬಟ್ಟೆ ಬಿಸಿಲಿಗೆ ಕಂದಿದ್ದು ಹಳೆಯ ಪುಸ್ತಕದ ಸಹಜ ಲಕ್ಷಣ. ಪುಟಗಳೆಲ್ಲ ಹಳದಿಗಟ್ಟಿ ಬೆನ್ನು ಮಾತ್ರ ಹೊಳೆಯುತ್ತಿದ್ದರೆ ಹೊಸ ಬಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಬೇಕು.

ರಟ್ಟಿನ ಒಳಬದಿಗೆ ಅಂಟಿಸಿದ ಹಾಳೆ, ಅದರ ಎದುರಿನ ಖಾಲಿ ಹಾಳೆ, ಎರಡೂ ಸೇರುವ ಸಂದು ಇವುಗಳ ಚಿತ್ರ ಬಹಳ ಹೇಳುತ್ತದೆ. ರಟ್ಟು ಕಳಚಿ ಮತ್ತೆ ಕೂರಿಸಿದ್ದರೆ ಸಂದಿನಲ್ಲಿ ಗೋಂದಿನ ಗುರುತು, ಬೇರೆ ಬಣ್ಣದ ಕಾಗದದ ಪಟ್ಟಿ, ಅಥವಾ ಮೇಲಿನ ತುದಿಯಲ್ಲಿ ಹೊಂದದ ಅಂಚು ಸಿಗುತ್ತದೆ. ಗ್ರಂಥಾಲಯದ ಪ್ರತಿಯಾಗಿದ್ದರೆ ಇಲ್ಲಿಯೇ ಚೀಟಿ ಕಿತ್ತ ಕಲೆ ಇರುತ್ತದೆ. ಇಂಥ ಪ್ರತಿ ನಕಲಿ ಅಲ್ಲ, ಆದರೆ ಬೆಲೆ ಇಳಿಯುತ್ತದೆ. ಅದನ್ನು ವಿವರದಲ್ಲಿ ಹೇಳದಿದ್ದರೆ ಚಿತ್ರದಿಂದಲೇ ಕಂಡುಕೊಳ್ಳಬೇಕು.

ಅಮೆರಿಕದ ಪುಸ್ತಕಗಳಲ್ಲಿ ಇನ್ನೊಂದು ಬಲೆಯಿದೆ. ಅಲ್ಲಿ ಬುಕ್ ಕ್ಲಬ್‌ಗಳು ಸದಸ್ಯರಿಗೆ ಅಂಚೆಯಲ್ಲಿ ಕಡಿಮೆ ಬೆಲೆಗೆ ಪುಸ್ತಕ ಕಳಿಸುತ್ತಿದ್ದವು. ಮೂಲ ಪ್ಲೇಟುಗಳಿಂದಲೇ ಅಚ್ಚಾಗಿ, ಕೆಲವು ಸಲ ‘ಫಸ್ಟ್ ಎಡಿಷನ್’ ಎಂಬ ಸಾಲನ್ನೂ ಹೊತ್ತು ಅವು ಬಂದಿವೆ. ಗುರುತು ಬೇರೆ ಕಡೆ ಇರುತ್ತದೆ. ಹಿಂದಿನ ರಟ್ಟಿನ ಕೆಳಗೆ, ಬೆನ್ನಿನ ಹತ್ತಿರದ ಮೂಲೆಯಲ್ಲಿ ಚುಕ್ಕಿಯಷ್ಟು ಅಥವಾ ಸಣ್ಣ ಚೌಕದಷ್ಟು ಒತ್ತು ಗುರುತು. ಜಾಕೆಟ್‌ನ ಮುಂದಿನ ಮಡಿಕೆಯಲ್ಲಿ ಬೆಲೆ ಇಲ್ಲ. ಕಾಗದ ಹಗುರ, ಪುಸ್ತಕ ಸಾಮಾನ್ಯ ಪ್ರತಿಗಿಂತ ತೆಳ್ಳಗೆ. ಗ್ಯಾಟ್ಸ್‌ಬಿ ಬಂದದ್ದು ಇಂಥ ಕ್ಲಬ್‌ಗಳು ಹರಡುವ ಮೊದಲು. ಆದರೆ ಅದರ ನಂತರದ ಅರ್ಧ ಶತಮಾನದ ಅಮೆರಿಕನ್ ಕಾದಂಬರಿ ಯಾವುದೇ ಇರಲಿ, ಹಿಂದಿನ ರಟ್ಟಿನ ಆ ಮೂಲೆಯ ಫೋಟೊ ಇಲ್ಲದೆ ತೀರ್ಮಾನಕ್ಕೆ ಬರಬಾರದು.

ಜಾಕೆಟ್ ಎಂಬ ಇನ್ನೊಂದು ವಸ್ತು

ಜಾಕೆಟ್ ಪುಸ್ತಕಕ್ಕೆ ಹೊಲಿದಿಲ್ಲ, ಅಂಟಿಸಿಲ್ಲ. ರಟ್ಟಿನ ಎರಡೂ ಬದಿಗೆ ಮಡಚಿ ಸಿಕ್ಕಿಸಿದ ಬಿಡಿ ಕಾಗದ. ಧೂಳು ಕೂರದಿರಲಿ ಎಂದು ಹಾಕಿದ್ದನ್ನು ಆಗಿನ ಓದುಗರು ಮನೆಗೆ ಒಯ್ದ ಮೇಲೆ ಕಿತ್ತೆಸೆಯುತ್ತಿದ್ದರು, ಗ್ರಂಥಾಲಯಗಳು ಉಳಿಸಿಕೊಳ್ಳುತ್ತಿರಲಿಲ್ಲ. ಗ್ಯಾಟ್ಸ್‌ಬಿಯ ಜಾಕೆಟ್‌ಗೆ ಇನ್ನೊಂದು ದೋಷವಿತ್ತು. ಅದು ಪುಸ್ತಕಕ್ಕಿಂತ ಸ್ವಲ್ಪ ಎತ್ತರ. ಮೇಲೆ ಚಾಚಿದ ಅಂಚು ಕಪಾಟಿನಲ್ಲಿ ತೆಗೆದು ಇಡುವಾಗ ಮುರಿದು ಉದುರುತ್ತಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರತಿ ಅಚ್ಚಾದರೂ ಜಾಕೆಟ್ ಅಪರೂಪವಾದದ್ದು ಹೀಗೆ.

ಚಿತ್ರ ಬರೆದವನು ಫ್ರಾನ್ಸಿಸ್ ಕ್ಯುಗಟ್. ಕಡುನೀಲಿ ರಾತ್ರಿಯ ಆಕಾಶ, ಅದರಲ್ಲಿ ಮುಖದ ರೇಖೆಯಿಲ್ಲದೆ ತೇಲುವ ಹೆಣ್ಣಿನ ಕಣ್ಣು ತುಟಿ, ಕೆಳಗೆ ಝಗಮಗಿಸುವ ದೀಪಗಳ ನಗರ. ಕಾದಂಬರಿ ಮುಗಿಯುವ ಮೊದಲೇ ಈ ಚಿತ್ರವನ್ನು ನೋಡಿದ್ದ ಫಿಟ್ಸ್‌ಜೆರಾಲ್ಡ್, ಇದನ್ನು ಬೇರೆ ಯಾವ ಪುಸ್ತಕಕ್ಕೂ ಕೊಡಬೇಡಿ, ಇದನ್ನು ತಾನು ಕಥೆಯೊಳಗೆ ಸೇರಿಸಿಕೊಂಡಿದ್ದೇನೆ ಎಂದು ಪರ್ಕಿನ್ಸ್‌ಗೆ ಬರೆದಿದ್ದ.

ಗುರುತು ಇರುವುದು ಮಾತ್ರ ಚಿತ್ರದಲ್ಲಲ್ಲ, ಹಿಂಬದಿಯ ಬರಹದಲ್ಲಿ. ಅಲ್ಲಿ ಕಾದಂಬರಿಯ ಪರಿಚಯದ 14ನೇ ಸಾಲಿನಲ್ಲಿ ‘ಜೇ ಗ್ಯಾಟ್ಸ್‌ಬಿ’ ಎಂಬ ನಾಯಕನ ಹೆಸರು ಬರುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಅಕ್ಷರ ದೊಡ್ಡದಿರಬೇಕು. ಇಲ್ಲಿ ಚಿಕ್ಕ ‘ಜೆ’ ಅಚ್ಚಾಗಿಬಿಟ್ಟಿತ್ತು. ಜಾಕೆಟ್‌ಗಳನ್ನು ಎಸೆಯುವ ಬದಲು ಪ್ರಕಾಶನದವರು ಚಿಕ್ಕ ಅಕ್ಷರದ ಮೇಲೆ ಶಾಯಿಯಲ್ಲಿ ದೊಡ್ಡ ಅಕ್ಷರ ಮೂಡಿಸಿ ಅಂಗಡಿಗೆ ಕಳಿಸಿದರು. ಆಮೇಲಿನ ಜಾಕೆಟ್‌ಗಳಲ್ಲಿ ಅದನ್ನು ಸರಿಯಾಗಿಯೇ ಅಚ್ಚು ಹಾಕಿದರು. ಹೀಗಾಗಿ ಆ ಒಂದು ಅಕ್ಷರವನ್ನು ದೊಡ್ಡದು ಮಾಡಿ ನೋಡಬೇಕು. ತಿದ್ದಿದ ಅಕ್ಷರದ ಕಪ್ಪು ಪಕ್ಕದ ಅಕ್ಷರಗಳ ಕಪ್ಪಿಗಿಂತ ಬೇರೆ ಇರುತ್ತದೆ, ಅಡಿಯಲ್ಲಿ ಚಿಕ್ಕ ‘ಜೆ’ಯ ಚುಕ್ಕೆಯೋ ಬಾಲವೋ ಇಣುಕುತ್ತದೆ. ಇಷ್ಟು ಕಾಣಬೇಕಾದರೆ ಹಿಂಬದಿಯ ಇಡೀ ಚಿತ್ರ ಸಾಲದು, ಆ ಸಾಲಿನದೇ ಹತ್ತಿರದ ಚಿತ್ರ ಬೇಕು.

ಜಾಕೆಟ್ ಬಿಡಿ ವಸ್ತುವಾಗಿರುವುದರಿಂದ ಅದನ್ನು ಒಂದು ಪ್ರತಿಯಿಂದ ತೆಗೆದು ಇನ್ನೊಂದಕ್ಕೆ ತೊಡಿಸುವುದು ಕ್ಷಣದ ಕೆಲಸ. ಹಳಬರು ಇದನ್ನು ಹಿಡಿಯುವ ಒಂದು ದಾರಿ ಇದೆ. ಜಾಕೆಟ್‌ನ ಬೆನ್ನು ಕೆಳಗಡೆ ಬೆರಳಗಲ ಹರಿದುಹೋಗಿದೆ ಎನ್ನಿ. ಆ ಜಾಕೆಟ್ ದಶಕಗಟ್ಟಲೆ ಅದೇ ಪುಸ್ತಕದ ಮೇಲೆ ಇದ್ದಿದ್ದರೆ ಹರಿದ ಜಾಗದಲ್ಲಿ ಬಟ್ಟೆಗೆ ಬೆಳಕು, ಧೂಳು ತಾಗಿ ಅದೇ ಆಕಾರದಲ್ಲಿ ಬಣ್ಣ ಮಾಸಿರಬೇಕು. ಜಾಕೆಟ್ ಮುಚ್ಚಿದ್ದ ಕಡೆ ಹಸಿರು ಗಾಢವಾಗಿಯೇ ಉಳಿದಿರಬೇಕು. ಜಾಕೆಟ್ ಹರಿದಿದೆ, ಬಟ್ಟೆ ಎಲ್ಲ ಕಡೆ ಒಂದೇ ಸಮನಾಗಿ ಕಂದಿದೆ ಎಂದರೆ ಆ ಪುಸ್ತಕ ಬಹುಕಾಲ ಜಾಕೆಟ್ ಇಲ್ಲದೆ ಕಳೆದಿದೆ. ಈಗ ಮೇಲಿರುವುದು ಬೇರೆಲ್ಲಿಂದಲೋ ಬಂದದ್ದು. ಇದನ್ನು ನೋಡಲು ಬೇಕಾದದ್ದು ಎರಡೇ ಚಿತ್ರ. ಜಾಕೆಟ್ ಸಮೇತ ಬೆನ್ನು, ಜಾಕೆಟ್ ತೆಗೆದು ಅದೇ ಬೆನ್ನು, ಒಂದೇ ಬೆಳಕಿನಲ್ಲಿ.

ಇದಕ್ಕಿಂತ ದೊಡ್ಡ ತೊಂದರೆ ಪ್ರತಿರೂಪಗಳದ್ದು. ಹಳೆಯ ಜಾಕೆಟ್‌ಗಳನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿ ಮಾರುವ ನ್ಯಾಯವಾದ ವ್ಯಾಪಾರವೇ ಇದೆ. ಪ್ರಾಮಾಣಿಕರು ಮಡಿಕೆಯ ಮೇಲೆ ಅದು ಪ್ರತಿರೂಪ ಎಂದು ಅಚ್ಚು ಹಾಕುತ್ತಾರೆ. ಆ ಸಾಲನ್ನು ಕತ್ತರಿಸಿ ತೆಗೆಯುವವರೂ ಇದ್ದಾರೆ. ಇನ್ನು ಫಸ್ಟ್ ಎಡಿಷನ್ ಲೈಬ್ರರಿ ಎಂಬ ಮಾಲೆಯವರು ಅಮೆರಿಕದ ಹೆಸರಾಂತ ಕಾದಂಬರಿಗಳನ್ನು ಮೊದಲ ಮುದ್ರಣದ ರೂಪದಲ್ಲೇ, ಜಾಕೆಟ್ ಸಮೇತ ಮರುನಿರ್ಮಿಸಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿದ್ದರು. ಹಳೆಯ ಪುಟಗಳನ್ನೇ ನಕಲು ಮಾಡಿದರೆ ಇಸವಿಯೂ ಬರುತ್ತದೆ, ತಪ್ಪುಗಳೂ ಬರುತ್ತವೆ. ಪೆಟ್ಟಿಗೆ ಕಳೆದುಹೋಗಿ ಪುಸ್ತಕ ಮಾತ್ರ ಉಳಿದಾಗ ಪಠ್ಯದ ಗುರುತುಗಳನ್ನಷ್ಟೇ ನೋಡುವವನು ಮೋಸಹೋಗುತ್ತಾನೆ.

ಅಲ್ಲಿ ಕೈಹಿಡಿಯುವುದು ಕಾಗದ ಮತ್ತು ಅಚ್ಚಿನ ಸ್ವಭಾವ. 1925ರಲ್ಲಿ ಲೋಹದ ಪ್ಲೇಟು ಕಾಗದವನ್ನು ಒತ್ತುತ್ತಿತ್ತು. ಓರೆ ಬೆಳಕಿನಲ್ಲಿ ತೆಗೆದ ಪುಟದಲ್ಲಿ ಅಕ್ಷರಗಳು ಕಾಗದಕ್ಕೆ ಕಚ್ಚಿಕೊಂಡಂತೆ ತಗ್ಗಿರುತ್ತವೆ, ಹಾಳೆಯ ಹಿಂಬದಿಯಲ್ಲಿ ಅವುಗಳ ಉಬ್ಬು ತಿಳಿಯುತ್ತದೆ. ಆಫ್‌ಸೆಟ್‌ನಲ್ಲಿ ಮುದ್ರಿಸಿದ ಪ್ರತಿರೂಪದಲ್ಲಿ ಅಕ್ಷರ ಕಾಗದದ ಮೇಲೆ ಚಪ್ಪಟೆಯಾಗಿ ಕೂತಿರುತ್ತದೆ. ಜಾಕೆಟ್‌ನ ವಿಷಯಕ್ಕೆ ಬಂದರೆ, ಅದನ್ನು ಬಿಚ್ಚಿ ಒಳಬದಿಯ ಫೋಟೊ ಕೇಳಿ. ನೂರು ವರ್ಷದ ಕಾಗದದ ಒಳಬದಿ ಕಂದು ತಿರುಗಿರುತ್ತದೆ, ರಟ್ಟಿನ ಅಂಚು ತಾಗುವಲ್ಲಿ ಗೆರೆ ಬಿದ್ದಿರುತ್ತದೆ. ಪ್ರತಿರೂಪದ ಒಳಬದಿ ಹಾಲಿನಂತೆ ಬೆಳ್ಳಗಿರುತ್ತದೆ. ಸ್ಕ್ಯಾನ್ ಮಾಡಿದ ಮೂಲದಲ್ಲಿದ್ದ ಹರಿದ ಗೆರೆ, ಸುಕ್ಕು ಕೂಡ ನಕಲಿನಲ್ಲಿ ಅಚ್ಚಾಗಿರುತ್ತವೆ. ಹೊರಗಿನಿಂದ ಹರಿದಂತೆ ಕಾಣುವ ಜಾಗದ ಹಿಂಬದಿಯಲ್ಲಿ ಹರಿದ ಗುರುತೇ ಇಲ್ಲದಿದ್ದರೆ ಸಂದೇಹ ತೀರಿತು.

ಒಂದು ಪ್ರತಿಯ ಪರೀಕ್ಷೆ

ಇಷ್ಟನ್ನೂ ಒಂದು ಉದಾಹರಣೆಯಲ್ಲಿ ಜೋಡಿಸೋಣ. ಗ್ಯಾಟ್ಸ್‌ಬಿಯ ಒಂದು ಪ್ರತಿ ‘ಮೊದಲ ಆವೃತ್ತಿ, ಮೂಲ ಜಾಕೆಟ್’ ಎಂಬ ವಿವರಣೆಯೊಂದಿಗೆ ಮಾರಾಟಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಕೊಟ್ಟಿರುವ ಚಿತ್ರಗಳು ಐದು. ಜಾಕೆಟ್ ಹಾಕಿದ ಮುಖಪುಟ, ಬೆನ್ನು, ಶೀರ್ಷಿಕೆ ಪುಟ, ಕಾಪಿರೈಟ್ ಪುಟ, ಪುಟ 205.

ಶೀರ್ಷಿಕೆ ಪುಟದಲ್ಲಿ 1925, ಪ್ರಕಾಶಕ ಸ್ಕ್ರಿಬ್ನರ್. ಒಳ್ಳೆಯದು, ಹಾಗಾದರೆ ಇದು ಲಂಡನ್ನಿನ ಚಾಟ್ಟೊ ಅಂಡ್ ವಿಂಡಸ್ 1926ರಲ್ಲಿ ತಂದ ಬ್ರಿಟಿಷ್ ಆವೃತ್ತಿಯಲ್ಲ. ಕಾಪಿರೈಟ್ ಪುಟ ಹೊಂದುತ್ತದೆ. ಪುಟ 205ರಲ್ಲಿ ಮೂರು ಬಿಡಿ ಪದಗಳಿವೆ. ಇಲ್ಲಿಗೆ ಆಗಸ್ಟ್‌ನ ಮುದ್ರಣ ಬಹುಮಟ್ಟಿಗೆ ದೂರವಾಯಿತು. ಪ್ರತಿರೂಪ ಇನ್ನೂ ದೂರವಾಗಿಲ್ಲ.

ಈಗ ಇಲ್ಲದಿರುವ ಚಿತ್ರಗಳ ಕಡೆ ಬನ್ನಿ. ಜಾಕೆಟ್‌ನ ಹಿಂಬದಿ ಇಲ್ಲ. ಮಡಿಕೆಗಳಿಲ್ಲ. ಜಾಕೆಟ್ ತೆಗೆದ ಪುಸ್ತಕವೇ ಇಲ್ಲ. ಬೆಲೆಯ ಬಹುಪಾಲು ಯಾವುದರ ಮೇಲೆ ನಿಂತಿದೆಯೋ ಅದರ ಚಿತ್ರಗಳೇ ಇಲ್ಲ. ಮಾರುವವರಿಗೆ ವಿನಯದಿಂದ ಹೀಗೆ ಬರೆಯಬಹುದು: ಜಾಕೆಟ್ ಬಿಚ್ಚಿ, ಹೊರಬದಿ ಒಂದು, ಒಳಬದಿ ಒಂದು ಫೋಟೊ. ಹಿಂಬದಿಯ 14ನೇ ಸಾಲಿನ ಹತ್ತಿರದ ಚಿತ್ರ. ಜಾಕೆಟ್ ಇಲ್ಲದ ಬೆನ್ನು. ಪುಟ 60 ಮತ್ತು 119, ಕಿಟಕಿಯ ಓರೆ ಬೆಳಕಿನಲ್ಲಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಇನ್ನೂ ಅನುಕೂಲ.

ಉತ್ತರವಾಗಿ ಬಂದ ಚಿತ್ರಗಳಲ್ಲಿ ಪುಟಗಳ ಅಕ್ಷರ ಕಾಗದಕ್ಕೆ ಕಚ್ಚಿವೆ, 60ರಲ್ಲಿ ‘ಚಾಟರ್’ ಇದೆ, 119ರಲ್ಲಿ ‘ನಾರ್ದರ್ನ್’ ಇದೆ. ಪುಸ್ತಕ ನಿಜವಾದ ಮೊದಲ ಮುದ್ರಣ. ಜಾಕೆಟ್‌ನ ಒಳಬದಿ ಮಾತ್ರ ಅಚ್ಚ ಬಿಳಿ. 14ನೇ ಸಾಲಿನಲ್ಲಿ ತಿದ್ದಿದ ಅಕ್ಷರ ಕಾಣುತ್ತದೆ, ಆದರೆ ಅದರ ಕಪ್ಪೂ ಸುತ್ತಲಿನ ಅಕ್ಷರಗಳ ಕಪ್ಪೂ ಒಂದೇ. ತಿದ್ದುಪಡಿಯೂ ಸ್ಕ್ಯಾನ್‌ನಲ್ಲಿ ಬಂದು ಅಚ್ಚಾಗಿದೆ. ಬಟ್ಟೆಯ ಬೆನ್ನು ಉದ್ದಕ್ಕೂ ಸಮನಾಗಿ ಕಂದಿದೆ. ತೀರ್ಮಾನ ಇಷ್ಟು: ಮೊದಲ ಮುದ್ರಣದ ಪುಸ್ತಕ, ಪ್ರತಿರೂಪದ ಜಾಕೆಟ್. ಜಾಕೆಟ್ ಇಲ್ಲದ ಪ್ರತಿಯ ಬೆಲೆ ಇದಕ್ಕೆ ನ್ಯಾಯ. ಅದಕ್ಕಿಂತ ಹೆಚ್ಚಿಗೆ ಕೊಟ್ಟ ದುಡ್ಡೆಲ್ಲ ಹೊಸ ಕಾಗದಕ್ಕೆ ಕೊಟ್ಟಂತೆ.

ಫೋಟೊಗೆ ಮಿತಿಯೂ ಇದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಹಳದಿಯನ್ನು ಬಿಳಿ ಮಾಡಬಲ್ಲದು, ಕಂದಿದ ಹಸಿರನ್ನು ಗಾಢ ಮಾಡಬಲ್ಲದು. ಜಾಕೆಟ್ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹೊಳಪು ಸುಕ್ಕನ್ನು ಮರೆಮಾಡುತ್ತದೆ. ಹರಿದ ಅಂಚಿಗೆ ಕಾಗದ ಸೇರಿಸಿ ಬಣ್ಣ ತುಂಬಿದ ಕುಶಲ ರಿಪೇರಿ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ದೊಡ್ಡ ಮೊತ್ತದ ಖರೀದಿಯಲ್ಲಿ ಫೋಟೊ ಮಾಡುವ ಕೆಲಸ ಬೇಡವಾದದ್ದನ್ನು ಕಳೆಯುವುದು. ಕೊನೆಯ ಮಾತು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದವರದ್ದು. ಹಿಂತಿರುಗಿಸುವ ಹಕ್ಕು ಬರಹದಲ್ಲಿ ಸಿಗದಿದ್ದರೆ ಕೈಬಿಡುವುದೇ ಲೇಸು.

ನಮ್ಮ ಕಪಾಟಿನ ಪುಸ್ತಕಗಳು

ನಮ್ಮ ನಾಡಿಗೆ ಸೇರಿದ ಕೆಲವು ಇಂಗ್ಲಿಷ್ ಕಾದಂಬರಿಗಳು ಮೊದಲು ಹೊರಬಂದದ್ದು ಲಂಡನ್ನಿನಲ್ಲಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್‌ನಿಂದ, ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರ ‘ಕಾಂತಾಪುರ’ 1938ರಲ್ಲಿ ಜಾರ್ಜ್ ಅಲೆನ್ ಅಂಡ್ ಅನ್‌ವಿನ್‌ನಿಂದ. ಬ್ರಿಟಿಷ್ ಪ್ರಕಾಶಕರ ರೂಢಿ ಸರಳ. ಮೊದಲು ಪ್ರಕಟವಾದ ವರ್ಷವನ್ನು ಹೇಳುವ ಒಂದು ಸಾಲು, ಮರುಮುದ್ರಣವಾದಾಗ ಅದರ ಕೆಳಗೆ ಇನ್ನೊಂದು ಸಾಲು. ಕೆಳಗೆ ಏನೂ ಇಲ್ಲದಿದ್ದರೆ ಮೊದಲನೆಯದು ಎಂದು ಸಾಮಾನ್ಯವಾಗಿ ಹಿಡಿಯಬಹುದು. ನಾರಾಯಣ್ ಅವರೇ ಮೈಸೂರಿನಲ್ಲಿ ಆರಂಭಿಸಿದ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್‌ನ ಪ್ರತಿಗಳು ನಮ್ಮಲ್ಲಿ ಹೆಚ್ಚಾಗಿ ಸಿಗುತ್ತವೆ. ಅದರಲ್ಲಿ ಹಳೆಯ ಇಸವಿ ಕಂಡ ಮಾತ್ರಕ್ಕೆ ಲಂಡನ್ನಿನ ಮೊದಲ ಮುದ್ರಣ ಎಂದುಕೊಳ್ಳಬಾರದು. ಪ್ರಕಾಶಕರ ಹೆಸರನ್ನು ಮೊದಲು ಓದಬೇಕು.

ಕನ್ನಡ ಪುಸ್ತಕಗಳ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಇಂಪ್ರಿಂಟ್ ಪುಟ ‘ಮೊದಲ ಮುದ್ರಣ’, ‘ಎರಡನೆಯ ಮುದ್ರಣ’ ಎಂದು ಇಸವಿ ಸಮೇತ ಬಿಡಿಸಿ ಹೇಳುತ್ತದೆ. ಎಷ್ಟೋ ಪುಸ್ತಕಗಳಲ್ಲಿ ‘ಪ್ರತಿಗಳು: 1000’ ಎಂದು ಸಂಖ್ಯೆಯೂ ಇರುತ್ತದೆ. ಅಮೆರಿಕದ ಸಂಗ್ರಾಹಕ ಪ್ರಕಾಶನದ ಹಳೆಯ ದಾಖಲೆ ಹುಡುಕಿ ಕಂಡುಕೊಳ್ಳುವ ಸಂಖ್ಯೆ ನಮ್ಮಲ್ಲಿ ಪುಸ್ತಕದೊಳಗೇ ಅಚ್ಚಾಗಿದೆ. ಆದರೆ ಇಲ್ಲಿ ಕಳೆದುಹೋಗುವುದು ಹೊರಗಿನ ಭಾಗ. ಗ್ರಂಥಾಲಯದವರು ಮುಖಪುಟ ಕಿತ್ತು ಕ್ಯಾಲಿಕೊ ಬೈಂಡ್ ಮಾಡಿಸುತ್ತಾರೆ. ಮನೆಯಲ್ಲಿ ಉಡುಗೊರೆ ಕೊಡುವಾಗ ಬೆಲೆ ಇರುವ ಮೂಲೆಯನ್ನು ಕತ್ತರಿಸುತ್ತೇವೆ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸುತ್ತೇವೆ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಾಗದಕ್ಕೆ ಇಳಿದು ಕಂದು ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ.

ಮನೆಯಲ್ಲಿ ಹಳೆಯ ಪುಸ್ತಕಗಳಿದ್ದರೆ ಮಾಡಬೇಕಾದದ್ದು ಕಡಿಮೆ. ಮುಖಪುಟ, ಬೆನ್ನು, ಹಿಂಬದಿ, ಶೀರ್ಷಿಕೆ ಪುಟ, ಅದರ ಹಿಂಬದಿ, ಜಾಕೆಟ್ ಇದ್ದರೆ ಅದರ ಎರಡೂ ಮಡಿಕೆ ಮತ್ತು ಒಳಬದಿ ಇವಿಷ್ಟನ್ನು ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ. ಹರಿದಿದ್ದನ್ನು ಹರಿದ ಹಾಗೆಯೇ ಬಿಡಿ, ಬಿದ್ದ ಚೂರನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ಬೆಲೆಯ ಮೂಲೆಗೆ ಕತ್ತರಿ ಹಾಕಬೇಡಿ. ಮುಂದೆ ಯಾರಾದರೂ ಈ ಪ್ರತಿ ಯಾವ ಮುದ್ರಣದ್ದು ಎಂದು ಕೇಳಿದರೆ ಉತ್ತರ ಹೇಳಬೇಕಾದದ್ದು ಇವೇ ಜಾಗಗಳು.